ತಿಪಟೂರಿನ ಪಾಲಿಸಿ, ಬೆಂಗಳೂರಿನ ಮಂಡಿ

ಮೀನಾಕ್ಷಮ್ಮ ಸುಳ್ಳು ಹೇಳಿದ್ದು ಯಾರಿಗೂ ಕೆಟ್ಟದಾಗಲಿ ಅಂತಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಆದ ಫಜೀತಿ ಕೇಳಿದವರೆಲ್ಲ ಆಯಮ್ಮನ ಮೇಲೆಯೇ ಎಗರುತ್ತಾರೆ. ಎಗರಲಿ. ಆದರೆ ಪೂರ್ತಿ ಕೇಳಿ ಎಗರಲಿ.

ಮೀನಾಕ್ಷಮ್ಮ ತಿಪಟೂರಿನವರು. ಯಜಮಾನರು ರೇವಣಸಿದ್ದಪ್ಪನವರು ತೀರಿಕೊಂಡ ಮೇಲೆ ವರ್ಷದಲ್ಲಿ ಅರ್ಧ ತಿಪಟೂರಿನ ಸ್ವಂತ ಮನೆ, ಇನ್ನರ್ಧ ಬೆಂಗಳೂರಿನ ಪುಟ್ಟೇನಹಳ್ಳಿ ಕೆರೆಯ ಹತ್ತಿರ ಮಗ ವಿಜಯಕುಮಾರನ ಬಾಡಿಗೆ ಮನೆ. ಮಗನಿಗೆ ಜರಗನಹಳ್ಳಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿ. ಸೊಸೆ ಶಿಲ್ಪಶ್ರೀ ಪದ್ಮನಾಭನಗರದ ಟ್ಯೂಷನ್ ಸೆಂಟರಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಟ್ಯೂಷನ್ನಿನವರು ಕೊಡುವ ಸಂಬಳ ಅಷ್ಟಕ್ಕಷ್ಟೇ. ಬಿ.ಎಡ್ ಮಾಡಿದರೆ ಸ್ಕೂಲಿನಲ್ಲಿ ಕೆಲಸ ಸಿಗುತ್ತದೆ ಎಂದು ಎರಡು ವರ್ಷದಿಂದ ಸಂಬಳದಲ್ಲಿ ಉಳಿಸುತ್ತಿದ್ದಳು, ಈ ಸಲ ಸೀಟೂ ಸಿಕ್ಕಿತ್ತು. ಫೀಸು ಕಟ್ಟಲು ಶುಕ್ರವಾರ ಕಡೇ ದಿನ.

ಮೀನಾಕ್ಷಮ್ಮನವರಿಗೆ ದಿನಾ ಇಷ್ಟಲಿಂಗ ಪೂಜೆಗೆ ಹೂವು ಬೇಕು. ತಿಪಟೂರಿನಲ್ಲಾದರೆ ಯಾರ ಹಿತ್ತಿಲಿಗಾದರೂ ನುಗ್ಗಿ, "ಎರಡು ಹೂ ತಗೊಂಡೆ ಕಣಮ್ಮೋ" ಎಂದು ಕೂಗಿದರೆ ಆಯಿತು. ಒಳಗಿಂದ, "ನಾಲ್ಕು ತಗೊಳ್ಳಿ" ಎಂದು ಉತ್ತರ ಬರುತ್ತದೆ. ಬೆಂಗಳೂರಿನಲ್ಲಿ ಕೂಗುವ ಹಾಗಿಲ್ಲ. ಇಲ್ಲಿ ಗಿಡವೂ ಇದೆ, ಹೂವೂ ಇದೆ, ಕೂಗಿದರೆ ಓಗೊಡುವವರಿಲ್ಲ. ಅದಕ್ಕೆ ಬೆಳಗಿನ ವಾಕಿಂಗಿಗೆ ಹೊರಟ ಅರ್ಧಕ್ಕರ್ಧ ಹೆಂಗಸರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು ಇದ್ದೇ ಇರುತ್ತದೆ. ಕಾಂಪೌಂಡಿನಿಂದ ಆಚೆ ಬಾಗಿದ ಕೊಂಬೆ ರಸ್ತೆಯವರದು ಎನ್ನುವುದು ಅವರ ಕಾನೂನು. ಕದ್ದ ಹೂವಿನ ಪೂಜೆಯ ಪುಣ್ಯ ಹೇಗೂ ಗಿಡದವರಿಗೇ ಹೋಗುತ್ತದೆ, ಅವರಿಗೇನು ನಷ್ಟ ಎನ್ನುವುದು ಸಮಾಧಾನ.

ಎರಡು ಮನೆ ಆಚೆಗಿನ ಸೋಮನಾಥ್ ಮಾತ್ರ ಈ ಕಾನೂನು ಒಪ್ಪಿದವರಲ್ಲ. ಕರೆಂಟ್ ಆಫೀಸಿನಿಂದ ರಿಟೈರ್ ಆದ ಮನುಷ್ಯ, ಮೂಗಿನ ತುದಿಯಲ್ಲೇ ಕೋಪ. ಅವರ ಬಿಳಿ ದಾಸವಾಳದ ಗಿಡ ಬೀದಿಗೇ ಹೆಸರುವಾಸಿ. "ಹೂ ಕೀಳಬಾರದು, ಕ್ಯಾಮೆರಾ ಇದೆ" ಎಂದು ಬೋರ್ಡು ಹಾಕಿದ್ದರು. ಹೋದ ತಿಂಗಳು ಬೀದಿಯವರ ವಾಟ್ಸಾಪ್ ಗ್ರೂಪಿನಲ್ಲಿ, "ಇನ್ನು ಮೇಲೆ ಹೂ ಕಳ್ಳರ ವಿಡಿಯೋ ಇಲ್ಲೇ ಹಾಕುತ್ತೇನೆ, ಎಲ್ಲರೂ ನೋಡಿ ಆನಂದಿಸಿ" ಎಂದು ಬರೆದಿದ್ದರು. ಶಿಲ್ಪಶ್ರೀ ಅದನ್ನು ಊಟದ ಹೊತ್ತಿಗೆ ಓದಿದಾಗ ವಿಜಯಕುಮಾರ, "ಅಮ್ಮಾ, ನೀನಂತೂ ಆ ಕಡೆ ತಲೆ ಹಾಕ್ಬೇಡ. ನಂಗೆ ಅಂಗಡಿಗೆ ಬರೋ ಗಿರಾಕಿಗಳು ಇದೇ ಬೀದಿಯವ್ರು" ಎಂದಿದ್ದ. "ನಂಗೇನು ಬಂದಿದೆ ಗ್ರಾಚಾರ" ಎಂದಿದ್ದರು ಮೀನಾಕ್ಷಮ್ಮ.

ಗ್ರಾಚಾರ ಸೋಮವಾರ ಬೆಳಿಗ್ಗೆ ಬಂತು. ಶಿವನ ವಾರ, ಬಿಳಿ ಹೂವಿಗೆ ಮನಸ್ಸು ಎಳೆಯಿತು. ಕೈಗೆ ಸಿಗುವ ಹೂವನ್ನೆಲ್ಲ ಬೇರೆ ಭಕ್ತರು ಆಗಲೇ ಕಿತ್ತಿದ್ದರು. ಮೀನಾಕ್ಷಮ್ಮ ಮನೆಗೆ ವಾಪಸ್ ಹೋಗಿ ಅಡುಗೆಮನೆಯ ನೀಲಿ ಪ್ಲಾಸ್ಟಿಕ್ ಸ್ಟೂಲು ತಂದು, ಮೋರಿಯ ಚಪ್ಪಡಿಯ ಮೇಲಿಟ್ಟು ಹತ್ತಿದರು. ಅರವತ್ತಾರು ವರ್ಷದ ಹೆಂಗಸು, ನೋಡಿ! ಮೂರು ಹೂವು ಸಿಕ್ಕವು. ನಾಲ್ಕನೆಯದಕ್ಕೆ ಕೈ ಚಾಚಿದ್ದೇ ಸ್ಟೂಲು ವಾಲಿತು, ಎಡಮಂಡಿ ಚಪ್ಪಡಿಯ ಅಂಚಿಗೆ ಬಡಿಯಿತು. ಕಣ್ಣಿಗೆ ಕತ್ತಲೆ ಕಟ್ಟಿತು. ಗೋಡೆ ಹಿಡಿದು, ಗೇಟು ಹಿಡಿದು, ಶಿವ ಶಿವಾ ಎನ್ನುತ್ತ ಮನೆ ಸೇರಿ ದಿವಾನದ ಮೇಲೆ ಕೂತರು. ಸ್ಟೂಲು ಅಲ್ಲೇ ಉಳಿಯಿತು.

ಮಂಡಿ ಊದಿಕೊಂಡಾಗ ಮಗ ಕೇಳಿದ, "ಏನಾಯ್ತಮ್ಮಾ?"

ಬೀದಿಯಲ್ಲಿ ಬಿದ್ದೆ ಎಂದರೆ ಎಲ್ಲಿ, ಯಾಕೆ ಎಂದು ಬರುತ್ತದೆ. ಬಚ್ಚಲಲ್ಲಿ ಜಾರಿದೆ ಎನ್ನೋಣವೆಂದರೆ, ಹೋದ ಯುಗಾದಿಗೆ ಮೀನಾಕ್ಷಮ್ಮನವರ ತಂಗಿ ಒದ್ದೆ ನೆಲದಲ್ಲಿ ಜಾರಿದ್ದಕ್ಕೆ ಈ ವಿಜಯಕುಮಾರ ನೆಂಟರಿಷ್ಟರ ಎದುರಿಗೇ ಹೆಂಡತಿಗೆ ಬೈದಿದ್ದ. ಆ ಹುಡುಗಿ ಆ ದಿನವೆಲ್ಲ ಅಡುಗೆಮನೆಯಿಂದ ಆಚೆ ಬಂದಿರಲಿಲ್ಲ. ತನ್ನ ಹೂವಿನ ಚಪಲಕ್ಕೆ ಮತ್ತೆ ಸೊಸೆಯ ತಲೆಗೆ ಕಟ್ಟುವುದೇ? ಅದು ಪಾಪ. ಯಾರ ತಪ್ಪೂ ಇಲ್ಲದ ಒಂದು ಮಾತು ಬೇಕಿತ್ತು.

"ಏನೂ ಆಗಿಲ್ಲ ಕಣೋ. ಹಳೇ ಮಂಡಿನೋವು. ಎದ್ದು ನಿಂತೆ, ತಟಕ್ ಅಂತು."

ಮಗ ಆಟೋ ತರಿಸಿದ. ಅವನ ಭುಜ ಹಿಡಿದು ಹೊರಡುವಾಗ ಮೀನಾಕ್ಷಮ್ಮನವರ ಕಣ್ಣು ಅಡುಗೆಮನೆಯ ಕಡೆ ಹೋಯಿತು. ನೀಲಿ ಸ್ಟೂಲು ಗ್ಯಾಸ್ ಸಿಲಿಂಡರಿನ ಪಕ್ಕ ತನ್ನ ಜಾಗದಲ್ಲೇ ಕೂತಿತ್ತು. ತಾನೇ ತಂದೆನೇ? ಕಾಲೆಳೆದುಕೊಂಡು ಬರುವಾಗ ಅದು ಕೈಯಲ್ಲಿತ್ತೇ? ನೋವಿನಲ್ಲಿ ಏನೂ ಜ್ಞಾಪಕವಿರಲಿಲ್ಲ. ವಯಸ್ಸಾಯಿತು, ಅರಳುಮರಳು ಶುರುವಾಯಿತು ಎಂದುಕೊಂಡರು.

ಜಯನಗರದ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಎಕ್ಸ್-ರೇ ಹಿಡಿದು ನೋಡಿದರು. "ಮಂಡಿ ಚಿಪ್ಪು ಎರಡು ಹೋಳಾಗಿದೆ. ತಂತಿ ಹಾಕಿ ಕಟ್ಬೇಕು. ಅಮ್ಮಾ, ಎಲ್ಲಿ ಬಿದ್ರಿ?"

"ಬಿದ್ದಿಲ್ಲ ಸಾರ್."

"ಎದ್ದು ನಿಂತ್ರೆ ಚಿಪ್ಪು ಒಡೆಯಲ್ಲಮ್ಮ."

"ನಂದು ಒಡೀತು ಸಾರ್."

ಡಾಕ್ಟರು ಕೇಸ್ ಶೀಟಿನಲ್ಲಿ, ಬಿದ್ದಿಲ್ಲವೆಂದು ರೋಗಿ ಹೇಳುತ್ತಾರೆ, ಹಳೆಯ ಮಂಡಿನೋವು ಇದೆ ಎಂದು ಬರೆದರು. ಮಾರನೆಯ ದಿನ ಆಪರೇಷನ್, ಈಗಲೇ ಅಡ್ಮಿಟ್ ಆಗಿ ಎಂದರು. ಮೀನಾಕ್ಷಮ್ಮ ನಿಟ್ಟುಸಿರು ಬಿಟ್ಟರು. ಸುಳ್ಳು ದಡ ಸೇರಿತು.

ಸೇರಿತೆಲ್ಲಿ? ಮಗ ಅವರನ್ನು ಗಾಲಿಕುರ್ಚಿಯಲ್ಲಿ ಇನ್ಶೂರೆನ್ಸ್ ಡೆಸ್ಕಿನ ಹತ್ತಿರ ತಳ್ಳಿಕೊಂಡು ಹೋದ. ಅಲ್ಲಿ ಸುಶ್ರುತ ಎಂಬ ಹುಡುಗ, ಕನ್ನಡಕ, ಕೊರಳಲ್ಲಿ ಐಡಿ ಕಾರ್ಡು. ಮೀನಾಕ್ಷಮ್ಮನವರ ಹೆಲ್ತ್ ಪಾಲಿಸಿಯ ಕಾರ್ಡು ತಗೊಂಡು ಕಂಪನಿಗೆ ಕ್ಯಾಶ್‌ಲೆಸ್ ಅರ್ಜಿ ಕಳಿಸಿದ. ಸ್ವಲ್ಪ ಹೊತ್ತಿಗೆ ಒಪ್ಪಿಗೆ ಬಂತು. ಅವನ ಹುಬ್ಬು ಗಂಟಾಯಿತು.

"ಸರ್, ಅಪ್ರೂವ್ ಆಗಿದೆ. ಆದ್ರೆ ಇಪ್ಪತ್ತು ಪರ್ಸೆಂಟ್ ಕೋ-ಪೇ ಹಾಕಿದಾರೆ. ಅಂದ್ರೆ ಐದರಲ್ಲಿ ಒಂದು ಪಾಲು ನೀವು ಕಟ್ಬೇಕು."

"ಯಾಕ್ರೀ? ಪಾಲಿಸಿ ತಗೊಂಡು ಆರು ವರ್ಷ ಆಯ್ತು, ಒಂದು ಸಲಾನೂ ಕ್ಲೇಮ್ ಮಾಡಿಲ್ಲ" ಎಂದ ವಿಜಯಕುಮಾರ.

"ಝೋನ್ ಸರ್. ಪಾಲಿಸಿ ತಿಪಟೂರು ಅಡ್ರೆಸ್ಸಲ್ಲಿದೆ. ಈ ಕಂಪನಿ ಲೆಕ್ಕದಲ್ಲಿ ಅದು ಮೂರನೇ ಝೋನ್. ಬೆಂಗಳೂರು ಒಂದನೇ ಝೋನ್. ಕೆಳಗಿನ ಝೋನಿನ ಪ್ರೀಮಿಯಂ ಕಟ್ಟಿ ಮೇಲಿನ ಝೋನಲ್ಲಿ ಟ್ರೀಟ್‌ಮೆಂಟ್ ತಗೊಂಡ್ರೆ ಕೋ-ಪೇ ಬರುತ್ತೆ."

ಝೋನು ಎಂದ ಕೂಡಲೇ ಮೀನಾಕ್ಷಮ್ಮನವರಿಗೆ ಕರೋನಾ ಕಾಲ ನೆನಪಾಯಿತು. ಆಗಲೂ ಹೀಗೇ, ಕೆಂಪು ಝೋನು, ಹಸಿರು ಝೋನು ಎಂದು ಬೇಲಿ ಕಟ್ಟಿದ್ದರು. "ಅಪ್ಪಾ, ನಮ್ಮೂರಿಗೆ ಏನು ಬಂದಿದೆ ಈಗ?" ಎಂದು ಕೇಳಿದರು.

"ಏನೂ ಬಂದಿಲ್ಲಮ್ಮ. ಖರ್ಚಿನ ಝೋನ್ ಇದು. ಇಲ್ಲಿ ಆಸ್ಪತ್ರೆ ದುಬಾರಿ, ಅಲ್ಲಿ ಕಮ್ಮಿ. ಅದಕ್ಕೆ ನಿಮ್ಮ ಪ್ರೀಮಿಯಮ್ಮೂ ಕಮ್ಮಿ ಇತ್ತು."

"ಹಂಗಾದ್ರೆ ನಾನು ಬೆಂಗಳೂರಲ್ಲಿ ಮಂಡಿ ಮುರ್ಕೊಂಡಿದ್ದೇ ತಪ್ಪಾ?"

"ಮುರ್ಕೊಂಡಿದ್ದೆಲ್ಲಿ ಅಂತ ಲೆಕ್ಕ ಇಲ್ಲಮ್ಮ, ಸೇರ್ಸೋದೆಲ್ಲಿ ಅಂತ ಲೆಕ್ಕ. ತಿಪಟೂರಲ್ಲಿ ಮುರ್ಕೊಂಡು ಇಲ್ಲಿಗೆ ಬಂದಿದ್ರೂ ಇಷ್ಟೇ. ಇಲ್ಲಿ ಮುರ್ಕೊಂಡು ಅಲ್ಲಿ ಹೋಗಿ ಅಡ್ಮಿಟ್ ಆದ್ರೆ ಕೋ-ಪೇ ಇಲ್ಲ."

ಮೀನಾಕ್ಷಮ್ಮ ಇದನ್ನು ಮನಸ್ಸಿನಲ್ಲೇ ಎರಡು ಸಲ ತಿರುವಿ ಹಾಕಿದರು. ಅದೇ ಮಂಡಿ, ಅದೇ ಕಾರ್ಡು, ಅದೇ ಕಂಪನಿ. ಬಸ್ಸು ಹತ್ತಿದರೆ ಒಂದು ಲೆಕ್ಕ, ಇಳಿದರೆ ಇನ್ನೊಂದು ಲೆಕ್ಕ. ತಲೆಬುಡ ಅರ್ಥವಾಗಲಿಲ್ಲ.

ವಿಜಯಕುಮಾರ ಪಾಲಿಸಿ ಮಾಡಿಸಿಕೊಟ್ಟಿದ್ದ ತಿಪಟೂರಿನ ಏಜೆಂಟ್ ಬೈಲಪ್ಪನಿಗೆ ಫೋನು ಹಚ್ಚಿದ, ಸ್ಪೀಕರಿಗೆ ಹಾಕಿದ. "ಏನ್ರೀ ಬೈಲಪ್ಪೋರೆ, ಇಂಡಿಯಾದಲ್ಲಿ ಎಲ್ಲಿ ಬೇಕಾದ್ರೂ ನಡೆಯುತ್ತೆ ಅಂದಿದ್ರಿ!"

"ನಡೀತಾ ಇದ್ಯಲ್ಲ ವಿಜಯಣ್ಣ, ಅಪ್ರೂವ್ ಆಯ್ತಲ್ಲ" ಎಂದ ಬೈಲಪ್ಪ, ತೆಂಗಿನಕಾಯಿ ಒಡೆದಷ್ಟು ಸಲೀಸಾಗಿ. "ಅವತ್ತೇ ಕೇಳಿದ್ದೆ, ಬೆಂಗಳೂರಿನ ಝೋನ್ ತಗೊಳ್ಳೋಣ್ವಾ, ಪ್ರೀಮಿಯಂ ಸ್ವಲ್ಪ ಜಾಸ್ತಿ ಅಂತ. ಮೀನಾಕ್ಷಕ್ಕನೇ ಅಂದ್ರು, ಸಾಯೋದಿದ್ರೂ ತಿಪಟೂರಲ್ಲೇ ಸಾಯ್ತೀನಿ, ಬೆಂಗಳೂರಿನ ದುಡ್ಡು ನಾನ್ಯಾಕೆ ಕಟ್ಟಲಿ ಅಂತ."

ಅಂದಿದ್ದರು. ಮೀನಾಕ್ಷಮ್ಮನವರಿಗೆ ಚೆನ್ನಾಗಿ ಜ್ಞಾಪಕವಿತ್ತು, ಅವತ್ತು ಮಾತು ಸಖತ್ತಾಗಿ ಬಂದಿತ್ತು.

"ಈಗ ಝೋನ್ ಬದಲಾಯಿಸಕ್ಕಾಗಲ್ವಾ?"

"ರಿನ್ಯೂವಲ್ಲಿಗೆ ಆಗುತ್ತೆ. ಆಸ್ಪತ್ರೇಲಿ ಕೂತ್ಕೊಂಡು ಆಗಲ್ಲ ಅಣ್ಣ. ತುಮಕೂರಿಗೆ ಕರ್ಕೊಂಡ್ಬನ್ನಿ, ಅದೂ ನಮ್ಮ ಝೋನೇ."

ವಿಜಯಕುಮಾರ ಫೋನಿಟ್ಟು ಡೆಸ್ಕಿನ ಹುಡುಗನ ಕಡೆ ತಿರುಗಿದ. ಎಷ್ಟಾಗಬಹುದು ಎಂದು ಕೇಳಿದ. ಬಿಲ್ಲಿನ ಮೇಲಲ್ಲ, ಕಂಪನಿ ಒಪ್ಪಿದ ಮೊತ್ತದ ಮೇಲೆ ಇಪ್ಪತ್ತು ಪರ್ಸೆಂಟು, ಅದಲ್ಲದೆ ಕಂಪನಿ ಕೊಡದ ಗ್ಲೌಸು ಗೀಸು ಬೇರೆ, ಅಂದಾಜು ಮೂವತ್ತು ಸಾವಿರದ ಮೇಲೆ ಎಂದ ಸುಶ್ರುತ. ವಿಜಯಕುಮಾರನ ಮುಖ ಇಳಿಯಿತು. ಅಂಗಡಿಗೆ ಹೋದ ವಾರವಷ್ಟೇ ಸಾಮಾನು ತುಂಬಿಸಿದ್ದ, ಕೈ ಖಾಲಿ.

"ಆಕ್ಸಿಡೆಂಟ್ ಕೇಸಾಗಿದ್ರೆ ಈ ಝೋನ್ ಕೋ-ಪೇ ಹಾಕ್ತಿರ್ಲಿಲ್ಲ ಸರ್" ಎಂದ ಸುಶ್ರುತ, ಸುಮ್ಮನೆ ಮಾತಿಗೆ. "ಪಾಲಿಸೀಲೇ ಇದೆ. ಆಕ್ಸಿಡೆಂಟಿಗೆ ವಿನಾಯಿತಿ."

"ಆಕ್ಸಿಡೆಂಟ್ ಅಂದ್ರೆ ಬಸ್ಸು ಲಾರಿನಾ?" ಎಂದು ಕೇಳಿದರು ಮೀನಾಕ್ಷಮ್ಮ.

"ಅಲ್ಲಮ್ಮ, ಜಾರಿ ಬಿದ್ರೂ ಆಕ್ಸಿಡೆಂಟೇ. ಆದ್ರೆ ನೀವು ಬಿದ್ದಿಲ್ವಲ್ಲ. ಡಾಕ್ಟರೂ ಹಂಗೇ ಬರೆದಿದಾರೆ."

ಅಷ್ಟು ಹೊತ್ತಿಗೆ ಟ್ಯೂಷನ್ ಮುಗಿಸಿ ಓಡಿ ಬಂದಿದ್ದ ಶಿಲ್ಪಶ್ರೀ ಅಲ್ಲೇ ನಿಂತಿದ್ದಳು. ಅತ್ತೆಯ ಮುಖವನ್ನೊಮ್ಮೆ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಮತ್ತೆ ಮುಚ್ಚಿದಳು. ಪಾಪ, ಫೀಸಿನ ಚಿಂತೆ ಎಂದುಕೊಂಡು ಮೀನಾಕ್ಷಮ್ಮ ತಲೆ ತಗ್ಗಿಸಿದರು.

ಅಂದುಕೊಂಡದ್ದು ಸರಿಯೇ ಆಯಿತು. ವಾರ್ಡಿಗೆ ಬಂದ ಮೇಲೆ ಗಂಡ ತುಮಕೂರು, ಆ್ಯಂಬುಲೆನ್ಸು, ನೋಡಿಕೊಳ್ಳುವವರು ಯಾರು ಎಂದೆಲ್ಲ ಗೊಣಗುತ್ತಿದ್ದಾಗ ಶಿಲ್ಪಶ್ರೀ, "ಇಂಥಾ ಕಾಲಲ್ಲಿ ಅತ್ತೇನ ಎಲ್ಲಿಗೆ ಎಳ್ಕೊಂಡು ಹೋಗ್ತೀರಿ? ನನ್ನ ಫೀಸಿನ ದುಡ್ಡಿದ್ಯಲ್ಲ, ಅದನ್ನ ಕಟ್ಬಿಡಿ" ಎಂದಳು.

"ಸೀಟು?"

"ಮುಂದಿನ ವರ್ಷ ನೋಡಣ" ಎಂದಳು. ದನಿಯಲ್ಲಿ ಏನೂ ಇರಲಿಲ್ಲ. ಬಾಟಲಿಗೆ ನೀರು ತರುತ್ತೇನೆ ಎಂದು ಹೊರಟುಹೋದಳು.

ಈಗ ಮೀನಾಕ್ಷಮ್ಮನವರ ತಲೆಯೊಳಗಿನ ಗೋಜಲನ್ನು ಏನೆಂದು ಹೇಳುವುದು! ಸೊಸೆಗೆ ಬೈಗುಳ ತಪ್ಪಿಸಲು ಹೇಳಿದ ಸುಳ್ಳು ಸೊಸೆಯ ಬಿ.ಎಡ್ಡನ್ನೇ ನುಂಗುತ್ತಿದೆ. ಬಿದ್ದೆ ಎಂದರೆ ದುಡ್ಡು ಉಳಿಯುತ್ತದೆ, ಮಾನ ಹೋಗುತ್ತದೆ. ಬೀದಿಯಲ್ಲಿ ಮಗ ತಲೆಯೆತ್ತುವುದು ಹೇಗೆ? ಬಿದ್ದಿಲ್ಲ ಎಂದರೆ ಮಾನ ಉಳಿಯುತ್ತದೆ, ಆದರೆ ಆ ಹುಡುಗಿಯ ಎರಡು ವರ್ಷ? ಈಗ ಬಚ್ಚಲಲ್ಲಿ ಬಿದ್ದೆ ಎಂದು ಇನ್ನೊಂದು ಸುಳ್ಳು ಪೋಣಿಸಿದರೆ? ಒಂದು ಸುಳ್ಳಿಗೇ ಇಷ್ಟು ರಾಮಾಯಣ. ಇನ್ನೊಂದಕ್ಕೆ ಯಾವ ಝೋನೋ, ಎಷ್ಟು ಪರ್ಸೆಂಟೋ! ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕೂತರು. ಇದಕ್ಕೇ ತಂದ ಹೂವಲ್ಲವೇ. ಶಿವನೂ ಏನೂ ಹೇಳಲಿಲ್ಲ.

"ವಿಜಯಾ" ಎಂದರು ಕಡೆಗೆ. "ನಾನು ಬಿದ್ದೆ ಕಣೋ."

"ಯಾವಾಗ? ಈಗಾ?" ಮಗ ಗಾಬರಿಯಾಗಿ ಮಂಚದ ಕೆಳಗೆ ನೋಡಿದ.

"ಬೆಳಿಗ್ಗೆ. ಸೋಮನಾಥನ ಕಾಂಪೌಂಡಿನ ಹತ್ರ. ದಾಸವಾಳ ಕೀಳಕ್ಕೆ ಸ್ಟೂಲು ಹತ್ತಿದ್ದೆ."

ವಿಜಯಕುಮಾರನಿಗೆ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯದೆ ಎರಡೂ ಸೇರಿ ಕೆಮ್ಮು ಬಂತು. "ಅಮ್ಮಾ! ಎಷ್ಟ್ ಸಲ ಹೇಳಿದೀನಿ! ಸ್ಟೂಲಾ? ನಿನಗೇನು ಹದಿನಾರಾ?"

"ಬೈಯೋದಿದ್ರೆ ಆಮೇಲೆ ಬೈ. ಮೊದ್ಲು ಆ ಕನ್ನಡಕದ ಹುಡುಗನ್ನ ಕರಿ."

ಸುಶ್ರುತ ಬಂದ, ಕೇಳಿದ, ತಲೆ ಕೆರೆದುಕೊಂಡ. ಅವನಿಗೂ ಗೊಂದಲ. "ಅಮ್ಮಾ, ನೀವೀಗ ಹೇಳಿದ್ರೆ ಕಂಪನಿಯವ್ರು ನಂಬಲ್ಲ. ಕೋ-ಪೇ ಅಂದ ತಕ್ಷಣ ಕಥೆ ಬದಲಾಯಿಸಿದ್ರು ಅಂತಾರೆ. ಬೆಳಿಗ್ಗೆ ಬಿದ್ದಿಲ್ಲ ಅಂತ ನೀವೇ ಬರೆಸಿದೀರಿ."

"ಬೆಳಿಗ್ಗೆ ಹೇಳಿದ್ದು ಸುಳ್ಳು ಕಣಪ್ಪ, ಈಗ ಹೇಳ್ತಿರೋದು ನಿಜ."

"ನಂಗೆ ಸರಿ. ಅವ್ರಿಗೆ?"

ಡಾಕ್ಟರನ್ನು ಕರೆಸಿದರು. ಡಾಕ್ಟರು ಅಂಗೈ ತಿರುಗಿಸಿ ನೋಡಿದರು, ತರಚಿತ್ತು. ಮಂಡಿಯ ಮೇಲೆ ಚಪ್ಪಡಿಯ ಗೀರು ಇನ್ನೂ ಹಸಿಯಾಗಿತ್ತು. "ನಾನು ಆಗ್ಲೇ ಹೇಳಿದ್ನಲ್ಲ" ಎಂದರು. ಮೊದಲು ಬರೆದದ್ದನ್ನು ಹೊಡೆದುಹಾಕಲು ಬರುವುದಿಲ್ಲ. ಅದರ ಕೆಳಗೆ, ರೋಗಿ ಈಗ ಬಿದ್ದದ್ದಾಗಿ ಹೇಳುತ್ತಾರೆ, ಗಾಯದ ಗುರುತು ಮತ್ತು ಎಕ್ಸ್-ರೇ ಅದಕ್ಕೆ ಹೊಂದುತ್ತವೆ ಎಂದು ಬರೆದು ಸಹಿ ಹಾಕುತ್ತೇನೆ, ಅಷ್ಟೇ ನನ್ನ ಕೈಲಾಗುವುದು ಎಂದರು. ಮೀನಾಕ್ಷಮ್ಮ ನಡೆದದ್ದನ್ನೆಲ್ಲ ತಮ್ಮ ಕೈಯಲ್ಲೇ ಬರೆದುಕೊಡಬೇಕಾಯಿತು. 'ಹೂ ಕೀಳುವಾಗ' ಎಂದು ಬರೆದರೆ ಸಾಕು ಎಂದ ಸುಶ್ರುತ. 'ಪರರ ಹೂ ಕೀಳುವಾಗ' ಎಂದು ಬರೆದು ಕೊಟ್ಟರು. ಬರೆಯುವುದೇ ಆದರೆ ಪೂರ್ತಿ ಬರೆಯೋಣ ಎನ್ನುವ ಹಟ.

"ನೋಡಿದವ್ರು ಯಾರಾದ್ರೂ ಇದ್ರೆ ಗಟ್ಟಿಯಾಗುತ್ತೆ" ಎಂದ ಸುಶ್ರುತ.

ಅಮ್ಮ ಮಗ ಮುಖ ಮುಖ ನೋಡಿಕೊಂಡರು. ಬೋರ್ಡು ಇಬ್ಬರ ಕಣ್ಣ ಮುಂದೆಯೂ ಬಂತು. ಕ್ಯಾಮೆರಾ ಇದೆ.

"ನಾನು ಕೇಳಲ್ಲಮ್ಮ" ಎಂದ ವಿಜಯಕುಮಾರ. "ಕಳ್ಳತನದ ವಿಡಿಯೋ ಕೊಡಿ ಅಂತ ಯಾವ ಬಾಯಲ್ಲಿ ಕೇಳ್ಲಿ?"

"ಕದ್ದೋಳು ನಾನು, ಕೇಳೋಳೂ ನಾನೇ. ನಂಬರ್ ಹಚ್ಚು."

ಸೋಮನಾಥ್ ಫೋನಿನಲ್ಲಿ ಹಲೋ ಎಂದದ್ದೂ ಬೈದ ಹಾಗೆಯೇ ಇತ್ತು. ಮೀನಾಕ್ಷಮ್ಮ ಉಸಿರು ಬಿಗಿಹಿಡಿದು ಒಂದೇ ದಮ್ಮಿನಲ್ಲಿ ಹೇಳಿದರು: "ನಾನು ವಿಜಯಕುಮಾರನ ತಾಯಿ. ಇವತ್ತು ನಿಮ್ಮ ಹೂ ಕಿತ್ತೋಳು ನಾನೇ. ನಿನ್ನೆ ಮೊನ್ನೇನೂ ನಾನೇ. ಬಿದ್ದು ಮಂಡಿ ಒಡ್ಕೊಂಡಿದೀನಿ. ಬಿದ್ದಿದ್ದಕ್ಕೆ ಸಾಕ್ಷಿ ಬೇಕಂತೆ. ನಿಮ್ಮ ಕ್ಯಾಮೆರಾದಲ್ಲಿ ಇದ್ರೆ ಕೊಡಿ. ಆಮೇಲೆ ಗ್ರೂಪಿಗೂ ಹಾಕಿ, ನಂದೇನೂ ಅಭ್ಯಂತರ ಇಲ್ಲ."

"ಆಪರೇಷನ್ ಯಾವತ್ತು?" ಎಂದರು ಸೋಮನಾಥ್.

"ನಾಳೆ."

"ಕಳಿಸ್ತೀನಿ" ಎಂದು ಫೋನಿಟ್ಟುಬಿಟ್ಟರು.

ವಿಡಿಯೋ ಬಂತು. ಬೆನ್ನು ಈ ಕಡೆ ಮಾಡಿ ಸ್ಟೂಲು ಹತ್ತಿದ ಹೆಂಗಸು, ಚಾಚಿದ ಕೈ, ವಾಲಿದ ಸ್ಟೂಲು, ಧಡಕ್ಕನೆ ನೆಲ. ಆಮೇಲೆ ಆ ಹೆಂಗಸು ಮಂಡಿ ಮುಟ್ಟಿ ನೋಡಿಕೊಳ್ಳುವುದಕ್ಕೂ ಮೊದಲು ಚೆಲ್ಲಿದ ಹೂವನ್ನು ಸೆರಗಿಗೆ ಆರಿಸಿಕೊಂಡಳು. ವಿಜಯಕುಮಾರ ಅದನ್ನು ನೋಡಿ ಕಿಟಕಿಯ ಕಡೆ ತಿರುಗಿದ. ಸುಶ್ರುತ ವಿಡಿಯೋ, ಡಾಕ್ಟರ ಟಿಪ್ಪಣಿ, ಹೇಳಿಕೆ ಮೂರನ್ನೂ ಕಂಪನಿಗೆ ಕಳಿಸಿದ. ಬೇಗ ಏನೂ ಹೇಳಲಾಗದು, ಅವರೂ ಪರಿಶೀಲಿಸುತ್ತಾರೆ, ಡಿಸ್ಚಾರ್ಜಿನ ಹೊತ್ತಿಗೆ ಗೊತ್ತಾಗುತ್ತದೆ ಎಂದ.

ಮಂಗಳವಾರ ಆಪರೇಷನ್ ಆಯಿತು. ಬುಧವಾರ ಕಂಪನಿಯಿಂದ ಒಂದು ಪ್ರಶ್ನೆ ಬಂತು, ಮೊದಲು ಬಿದ್ದಿಲ್ಲ ಎಂದದ್ದು ಯಾಕೆ ಎಂದು. ಯಾಕೆ ಎಂಬುದನ್ನು ಕಂಪನಿಗೆ ಅರ್ಥ ಮಾಡಿಸುವುದು ಹೇಗೆ? ಅವರಿಗೆ ಬೀದಿ ಗೊತ್ತೇ, ಯುಗಾದಿಯ ಬೈಗುಳ ಗೊತ್ತೇ? "ನಾಚಿಕೆಯಾಗಿ" ಎಂದು ಒಂದೇ ಮಾತು ಬರೆಸಿದರು ಮೀನಾಕ್ಷಮ್ಮ. ಫೀಸಿನ ವಿಷಯವನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಶಿಲ್ಪಶ್ರೀ ಬರುತ್ತಿದ್ದಳು, ಗಂಜಿ ಕುಡಿಸುತ್ತಿದ್ದಳು, ಹೋಗುತ್ತಿದ್ದಳು. ಹೂವಿನ ಕಥೆ ಕೇಳಿ ಅವಳು ಆಶ್ಚರ್ಯವನ್ನೇ ಪಡಲಿಲ್ಲವಲ್ಲ ಎನ್ನುವುದು ಮೀನಾಕ್ಷಮ್ಮನವರಿಗೆ ಹೊಳೆದರೂ, ಮಾತ್ರೆಯ ಮಂಪರಿನಲ್ಲಿ ಮರೆತುಹೋಯಿತು.

ಗುರುವಾರ ಡಿಸ್ಚಾರ್ಜು. ಮಧ್ಯಾಹ್ನ ಸುಶ್ರುತ ತಾನೇ ವಾರ್ಡಿಗೆ ಬಂದ, ಹಲ್ಲು ಕಾಣುತ್ತಿತ್ತು. "ಝೋನ್ ಕೋ-ಪೇ ತೆಗೆದಿದಾರಮ್ಮ. ಗ್ಲೌಸು ಗೀಸಿಂದಷ್ಟೇ ಕಟ್ಟಿ."

"ಹಂಗಂದ್ರೆ ನಮ್ಮೂರು ಈಗ ಒಂದನೇ ಝೋನಾ?"

"ಇಲ್ಲಮ್ಮ, ನಿಮ್ಮೂರು ಮೂರನೇದೇ. ಈ ಸಲ ಬಿದ್ದಿದ್ದಕ್ಕೆ ಬಿಟ್ರು. ಜ್ವರ ಬಂತು, ಕಿಡ್ನೀಲಿ ಕಲ್ಲಾಯ್ತು ಅಂತ ಇಲ್ಲಿ ಸೇರಿದ್ರೆ ಮತ್ತೆ ಇಪ್ಪತ್ತು ಪರ್ಸೆಂಟೇ. ರಿನ್ಯೂವಲ್ಲಲ್ಲಿ ಝೋನ್ ಬದಲಾಯ್ಸಿ."

ಬಿದ್ದರೆ ಪೂರ್ತಿ ಕೊಡುತ್ತಾರೆ, ಜ್ವರ ಬಂದರೆ ಐದರಲ್ಲಿ ನಾಲ್ಕು ಪಾಲು. ಮೀನಾಕ್ಷಮ್ಮ ಅರ್ಥ ಮಾಡಿಕೊಳ್ಳುವ ಆಸೆಯನ್ನು ಅಲ್ಲಿಗೆ ಬಿಟ್ಟರು.

ಹೊರಡುವ ಹೊತ್ತಿಗೆ ಬಾಗಿಲಲ್ಲಿ ಸೋಮನಾಥ್ ಕಾಣಿಸಿಕೊಂಡರು, ಕೈಯಲ್ಲಿ ಒಂದು ಕವರು. ಮೀನಾಕ್ಷಮ್ಮ ದಡಬಡಿಸಿ ಸೆರಗು ಹೊದ್ದುಕೊಂಡರು. ವಿಜಯಕುಮಾರ ಕ್ಷಮಿಸಿ ಸಾರ್ ಎನ್ನುವಷ್ಟರಲ್ಲಿ ಅವರು ಕೈಯೆತ್ತಿ ತಡೆದು, ಕವರನ್ನು ಮಂಚದ ಮೇಲಿಟ್ಟರು. ಬಿಳಿ ದಾಸವಾಳ.

"ಗ್ರೂಪಿಗೆ ಹಾಕಿದ್ರಾ?" ಎಂದು ಕೇಳಿದರು ಮೀನಾಕ್ಷಮ್ಮ.

"ಹಾಕ್ಬೇಕು ಅಂತ್ಲೇ ಇದ್ದೆ. ಸೋಮವಾರ ನೀವು ಫೋನ್ ಮಾಡೋಕ್ಕೆ ಮುಂಚೇನೇ ನೋಡಿದ್ದೆ ನಾನು. ಸಿಕ್ಕಿದ್ರು ಅಂತ ಖುಷಿಯಾಗಿತ್ತು. ಆಮೇಲಿಂದು ನೋಡಿ ಕೈ ಬರ್ಲಿಲ್ಲ" ಎಂದರು ಸೋಮನಾಥ್. "ನಿಮಗೆ ಕಳಿಸಿದ್ದು ಅರ್ಧ. ಕಂಪನಿಗೆ ಅಷ್ಟು ಸಾಕಲ್ಲ ಅಂತ. ಉಳಿದಿದ್ದು ಇಲ್ಲಿದೆ."

ಫೋನನ್ನು ಮೀನಾಕ್ಷಮ್ಮನವರ ಮುಂದೆ ಹಿಡಿದರು. ಖಾಲಿ ಬೀದಿ. ಚಪ್ಪಡಿಯ ಮೇಲೆ ಮಗುಚಿದ ನೀಲಿ ಸ್ಟೂಲು. ಸ್ವಲ್ಪ ಹೊತ್ತಿಗೆ ಕೈಯಲ್ಲಿ ಹಾಲಿನ ಪ್ಯಾಕೆಟ್ಟು ಹಿಡಿದು ಶಿಲ್ಪಶ್ರೀ ಬಂದಳು. ಸ್ಟೂಲು ನೋಡಿ ನಿಂತಳು. ಮನೆಯ ಕಡೆ ನೋಡಿದಳು, ಮುರಿದ ಕೊಂಬೆ ನೋಡಿದಳು. ಸ್ಟೂಲನ್ನು ಎತ್ತಿ ಬಗಲಿಗಿಟ್ಟುಕೊಂಡಳು. ಎರಡು ಹೆಜ್ಜೆ ಹೋದವಳು ವಾಪಸ್ ಬಂದು, ತಲೆಯೆತ್ತಿ, ನೇರ ಕ್ಯಾಮೆರಾಕ್ಕೆ ಕೈ ಮುಗಿದಳು. ಹಾಲಿನ ಪ್ಯಾಕೆಟ್ಟು ಎರಡು ಕೈಗಳ ಮಧ್ಯೆ ಸಿಕ್ಕಿಕೊಂಡಿತ್ತು. ಹಾಗೇ ಬಹಳ ಹೊತ್ತು ನಿಂತಿದ್ದಳು.

ಶಿಲ್ಪಶ್ರೀ ಮಂಚದ ಆಚೆ ಬದಿಯಲ್ಲಿ ಬಟ್ಟೆ ಮಡಿಸುತ್ತ ನಿಂತಿದ್ದಳು, ಕಿವಿಯೆಲ್ಲ ಕೆಂಪಾಗಿತ್ತು.

"ನಿಂಗೆ ಗೊತ್ತಿತ್ತೇನೇ? ಡೆಸ್ಕಿನ ಹತ್ರ ಆ ಹುಡುಗ ಬಿದ್ರೆ ಕೋ-ಪೇ ಇಲ್ಲ ಅಂದಾಗ್ಲೂ ಗೊತ್ತಿತ್ತಾ? ನಿನ್ನ ಫೀಸು ಹೋಗ್ತಿತ್ತಲ್ಲೇ!" ಎಂದರು ಮೀನಾಕ್ಷಮ್ಮ.

"ನೀವೇ ಹೇಳ್ಕೊಳ್ಳಲಿಲ್ಲ ಅಂದ್ಮೇಲೆ ನಾನ್ಹೆಂಗತ್ತೆ ಹೇಳ್ಲಿ?" ಎಂದಳು ಶಿಲ್ಪಶ್ರೀ, ಕೈಯಲ್ಲಿದ್ದ ಟವೆಲ್ಲನ್ನು ಮಡಿಸಿದ್ದೇ ಮಡಿಸುತ್ತ.

ವಿಜಯಕುಮಾರನಿಗೆ ಯುಗಾದಿಯ ಬೈಗುಳ ನೆನಪಾಯಿತೋ ಏನೋ, ಹೆಂಡತಿಯ ಕೈಯಿಂದ ಟವೆಲ್ಲು ತಗೊಂಡು ತಾನೇ ಚೀಲಕ್ಕೆ ಹಾಕಿದ. ಸೋಮನಾಥ್ ಗಂಟಲು ಸರಿಮಾಡಿಕೊಂಡು, ಇನ್ನು ಮೇಲೆ ಹೂವು ಬೇಕಾದರೆ ಗೇಟಿನ ಹತ್ತಿರ ನಿಂತು ಕೂಗಿ, ಸ್ಟೂಲು ಗೀಲು ತರಬೇಡಿ ಎಂದು ಗದರಿದರು.

ಮೀನಾಕ್ಷಮ್ಮ ಕಣ್ಣೊರೆಸಿಕೊಂಡು ಮಗನ ಕಡೆ ತಿರುಗಿದರು. "ವಿಜಯಾ, ನನ್ನ ಮನೆಗೆ ಬಿಡೋದು ಆಮೇಲೆ. ಮೊದ್ಲು ಇವಳನ್ನ ಕಾಲೇಜಿಗೆ ಕರ್ಕೊಂಡು ಹೋಗಿ ಫೀಸ್ ಕಟ್ಸು."

"ಅತ್ತೆ, ನಾಳೆವರೆಗೂ ಟೈಮಿದೆ."

"ನಾಳೆಗೆ ಯಾವ ಝೋನ್ ಬರುತ್ತೋ ಯಾರಿಗೆ ಗೊತ್ತು? ಹೋಗು" ಎಂದರು ಮೀನಾಕ್ಷಮ್ಮ. "ರಸೀದಿ ತಂದು ತೋರಿಸೋವರೆಗೂ ನಾನು ಈ ಮಂಚದಿಂದ ಇಳಿಯಲ್ಲ."